ಒಂದೂವರೆ ದೇವರು

ದೇವರ ಸಾಮಾನು ತೊಳೆಯುವ ಕೆಲಸ ನನ್ನ ಪಾಲಿಗೆ ಬಂದದ್ದು ನಿವೃತ್ತಿಯಾದ ಮಾರನೆಯ ವಾರ. 34 ವರ್ಷ ಬ್ಯಾಂಕಿನಲ್ಲಿ ಊರವರ ದುಡ್ಡು ಎಣಿಸಿದವನಿಗೆ ಮನೆಯ ಐದು ದೇವರನ್ನು ಎಣಿಸಿ ಇಡುವುದು ಎಷ್ಟರ ಕೆಲಸ ಎಂದು ಮನೆಯವಳೂ ಅಂದುಕೊಂಡಿದ್ದಳು, ನಾನೂ ಅಂದುಕೊಂಡಿದ್ದೆ. ಎಣಿಕೆಯೇನೂ ತಪ್ಪಲಿಲ್ಲ. ಐದು ತೊಳೆದೆ, ಐದೂ ಉಳಿದವು. ಯಾವುದು ಯಾರು ಎಂಬುದು ಮಾತ್ರ ತಪ್ಪಿಹೋಯಿತು.

ನಮ್ಮದು ಪಂಚಾಯತನದ ಮನೆ. ಅಂಗೈ ಅಗಲದ ಒಂದು ಹಿತ್ತಾಳೆ ತಟ್ಟೆ, ಅದರ ನಡುವೆ ಒಂದು ಕಲ್ಲು, ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಶಿವ, ವಿಷ್ಣು, ಸೂರ್ಯ, ಗಣಪತಿ, ದೇವಿ. ಕಣ್ಣು ಮೂಗು ಏನೂ ಇಲ್ಲದ ಬೆಣಚುಕಲ್ಲಿನಂಥ ದೇವರುಗಳು. ದೊಡ್ಡಪ್ಪ ಇದ್ದಷ್ಟು ದಿನ ಬೆಳಿಗ್ಗೆ ಏಳಕ್ಕೆ ಅವಕ್ಕೆ ನೀರೆರೆದು, ಒರೆಸಿ, ಗಂಧ ಇಟ್ಟು ಏಳುತ್ತಿದ್ದರು. ಅವರು ಹೋದ ಮೇಲೆ ತಟ್ಟೆ ನಮ್ಮ ಮನೆಗೆ ಬಂತು, ತಟ್ಟೆಯ ಹಿಂದೆಯೇ ದೊಡ್ಡಮ್ಮನೂ ಬಂದರು. ಅವರಿಗೀಗ 84.

ನಾನು ಮಾಡಿದ ತಪ್ಪು ಇಷ್ಟೇ. ತಟ್ಟೆಗೆ ಹುಣಸೆಹಣ್ಣು ಹಚ್ಚುವ ಮುಂಚೆ ಐದು ಕಲ್ಲನ್ನೂ ಒಂದೇ ಬಟ್ಟಲಿಗೆ ಹಾಕಿದೆ. ತಟ್ಟೆ ಫಳಫಳ ಹೊಳೆಯಿತು. ಬಟ್ಟಲು ನೋಡಿದರೆ ಐದು ಕಲ್ಲು ಸುಮ್ಮನೆ ಮಲಗಿದ್ದವು. ಎರಡರ ಗುರುತು ಹತ್ತಿತು. ಕನ್ನಡಿಯ ಚೂರಿನಂತಿದ್ದ ಸ್ಫಟಿಕ ಸೂರ್ಯ. ಅದು ತಂಜಾವೂರಿನ ಹತ್ತಿರದ ವಲ್ಲಂ ಎಂಬ ಊರಿನದು ಎಂದು ದೊಡ್ಡಪ್ಪ ಹೇಳುತ್ತಿದ್ದರು. ಕಪ್ಪಗೆ, ಪಕ್ಕದಲ್ಲಿ ಸಣ್ಣ ತೂತಿದ್ದು, ಒಳಗೆ ಚಕ್ರದ ಗೆರೆ ಕಾಣುವುದು ಸಾಲಿಗ್ರಾಮ, ಅಂದರೆ ವಿಷ್ಣು. ಅದು ನೇಪಾಳದ ಗಂಡಕಿ ನದಿಯದು. ಆ ಚಕ್ರ ಹಿಮಾಲಯ ಏಳುವುದಕ್ಕೂ ಮುಂಚೆ ಅಲ್ಲಿದ್ದ ಸಮುದ್ರದ ಒಂದು ಜೀವಿಯ ಚಿಪ್ಪಿನ ಅಚ್ಚು, ಹತ್ತು ಕೋಟಿ ವರ್ಷಕ್ಕೂ ಹಳೆಯದು ಎಂದು ಭೂವಿಜ್ಞಾನ ಓದಿದ ಮಗ ಒಮ್ಮೆ ವಿವರಿಸಿದ್ದ. ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡು, "ನೋಡು, ಆಗಲೂ ಸಮುದ್ರದಲ್ಲೇ ಮಲಗಿದ್ದ" ಅಂದರು. ಮಗ ಆ ವಿಷಯ ಅಲ್ಲಿಗೇ ಬಿಟ್ಟ.

ಉಳಿದ ಮೂರರದೇ ತಕರಾರು. ನರ್ಮದೆಯ ಬಾಣಲಿಂಗ ಶಿವ, ಶೋಣಾನದಿಯ ಕೆಂಪುಕಲ್ಲು ಗಣಪತಿ, ಆಂಧ್ರದ ಸ್ವರ್ಣಮುಖಿ ನದಿಯ ಕಲ್ಲು ದೇವಿ. ಹೇಳುವಾಗ ಎಷ್ಟು ಸ್ಪಷ್ಟ! ಆದರೆ ಮೂರು ತಲೆಮಾರಿನ ಹಾಲು, ತುಪ್ಪ, ಗಂಧ ಕುಡಿದ ಕಲ್ಲುಗಳಿಗೆ ಒಂದೇ ಬಣ್ಣ ಬಂದಿರುತ್ತದೆ, ಹಳೆಯ ಜಾಡಿಯ ಬೆಲ್ಲದ ಬಣ್ಣ. ಪುರೋಹಿತರಿಗೆ ಫೋನು ಮಾಡಿದೆ. ಅವರು ಯಾವುದೋ ಗೃಹಪ್ರವೇಶದಲ್ಲಿದ್ದರು. ಹಿಂದೆ ವಾಲಗ ಕೇಳಿಸುತ್ತಿತ್ತು.

"ಒದ್ದೆ ಮಾಡಿ ಬಿಸಿಲಿಗೆ ಹಿಡೀರಿ ಸಾರ್. ಮೊಟ್ಟೆ ಥರ ನುಣ್ಣಗಿರೋದು ಶಿವ. ಕೆಂಪು ಹೊಡೆಯೋದು ಗಣಪತಿ. ಮೈಯಲ್ಲಿ ಚಿನ್ನದ ಪುಡಿ ಹಾಗೆ ಮಿಂಚಿದರೆ ಅಮ್ಮನವರು."

ಬಾಲ್ಕನಿಗೆ ಹೋಗಿ ಹಿಡಿದೆ. ಮಿಂಚಿತು. ಅಲ್ಲಿಯವರೆಗೆ ಕಲ್ಲಾಗಿದ್ದದ್ದು ಅಮ್ಮನವರಾದರು. ನಾನೂ ಧ್ವನಿ ತಗ್ಗಿಸಿದೆ.

ಈ ಐದು ಕಲ್ಲಿಗೆ ಪ್ರಾಣಪ್ರತಿಷ್ಠೆ ಬೇಡ. ಸಿಕ್ಕಿದಲ್ಲಿಂದ ಎತ್ತಿಕೊಂಡಾಗಲೇ ಅದರಲ್ಲಿ ದೇವರಿದ್ದಾನೆ ಎಂದು ಲೆಕ್ಕ. ಶಿವನ ನರ್ಮದೆಯೂ ಗಣಪತಿಯ ಶೋಣೆಯೂ ಹುಟ್ಟುವುದು ಮಧ್ಯಪ್ರದೇಶದ ಅಮರಕಂಟಕದಲ್ಲೇ. ಅಲ್ಲಿಂದ ಒಂದು ಪಶ್ಚಿಮದ ಕಡಲಿಗೆ ಹೋದರೆ ಇನ್ನೊಂದು ಬಿಹಾರದ ಕಡೆ ತಿರುಗಿ ಗಂಗೆಗೆ ಸೇರುತ್ತದೆ. ಅಪ್ಪ ಮಗ ಒಂದೇ ಬೆಟ್ಟದವರು, ಸೇರಿದ್ದು ಮಾತ್ರ ನಮ್ಮ ಮನೆಯ ತಟ್ಟೆಯಲ್ಲಿ.

ಗುರುತೇನೋ ಹತ್ತಿತು. ಈಗ ಯಾರನ್ನು ಎಲ್ಲಿಡುವುದು? ಮತ್ತೆ ಫೋನು.

"ಮಧ್ಯದಲ್ಲಿ ಯಾರು ನಿಮಗೆ?" ಅಂದರು ಪುರೋಹಿತರು.

ನಿಜ ಹೇಳಬೇಕೆಂದರೆ ನಾನು ಎಂದೂ ನೋಡಿರಲಿಲ್ಲ. ದಿನಾ ನಮಸ್ಕಾರ ಮಾಡಿದ ತಟ್ಟೆಯ ನಡುವೆ ಯಾರಿದ್ದರು ಎಂದು ನೆನಪಿಗೆ ಬರಲಿಲ್ಲ. ಹಣೆಗೆ ಮೂರು ಗೆರೆ ವಿಭೂತಿ ಎಳೆಯುವ ಮನೆ, ಹಾಗಾಗಿ ಶಿವ ಇರಬೇಕು. ಆದರೆ ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಜ್ವರ ಬಂದರೆ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಇಡುವುದು ಅವನಿಗೆ. ಊರಿಗೆ ಹೋದರೆ ಮೊದಲು ಕೈಮುಗಿಯುವುದು ಮಾರಮ್ಮನಿಗೆ. ಗುರುವಾರ ರಾಯರ ಮಠ, ಶನಿವಾರ ಹನುಮಂತ, ಪರೀಕ್ಷೆ ಬಂದರೆ ಶೃಂಗೇರಿಯ ಶಾರದೆ. ಇಷ್ಟೆಲ್ಲ ಮಾಡಿ ಯಾರಾದರೂ ಕೇಳಿದರೆ "ದೇವರೊಬ್ಬನೇ" ಎನ್ನುವುದು. ಒಳಗಿದ್ದ ದೊಡ್ಡಮ್ಮನನ್ನು ಕೇಳಿದೆ. "ನಿಮ್ಮ ದೊಡ್ಡಪ್ಪ ಶಿವನ್ನ ಇಡೋರು. ಪಾಲಾದಾಗ ನಿನ್ನ ಚಿಕ್ಕಪ್ಪ ಬೇರೆ ತಟ್ಟೆ ಮಾಡಿಸಿ ವಿಷ್ಣುವನ್ನ ಇಟ್ಟ. ಅಣ್ಣನ ಮೇಲಿನ ಸಿಟ್ಟಿಗೆ ಇಟ್ಟನೋ ಭಕ್ತಿಗೆ ಇಟ್ಟನೋ, ಅವನಿಗೇ ಗೊತ್ತು" ಅಂದರು.

ಶಿವ ನಡುವೆ ಕೂತರೆ ಈಶಾನ್ಯಕ್ಕೆ ವಿಷ್ಣು, ಆಗ್ನೇಯಕ್ಕೆ ಸೂರ್ಯ, ನೈಋತ್ಯಕ್ಕೆ ಗಣಪತಿ, ವಾಯವ್ಯಕ್ಕೆ ದೇವಿ. ನಾವು ಪೂರ್ವಕ್ಕೆ ಮುಖ ಮಾಡಿ ಕೂತರೆ ಈಶಾನ್ಯ ಅಂದರೆ ತಟ್ಟೆಯ ಆಚೆಯ ಎಡಮೂಲೆ. ಅಲ್ಲಿಂದ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗಿಕೊಂಡು ಬರುವುದು. (ಪೂಜೆಗೆ ಕೂತವನಿಗೂ ದೇವರಿಗೂ ನಡುವೆ ಇರುವುದೇ ಪೂರ್ವ ಎನ್ನುವ ಪಕ್ಷವೊಂದಿದೆ. ಅದನ್ನು ಹಿಡಿದರೆ ತಟ್ಟೆಯೇ ತಿರುಗಿಹೋಗುತ್ತದೆ. ಪುರೋಹಿತರು ಹೇಳಲು ಹೊರಟರು, ನಾನೇ ಬೇಡವೆಂದೆ.) ವಿಷ್ಣು ನಡುವೆ ಬಂದರೆ ಶಿವ ಈಶಾನ್ಯಕ್ಕೆ ಸರಿಯುತ್ತಾನೆ, ಗಣಪತಿಯೂ ಸೂರ್ಯನೂ ಜಾಗ ಅದಲು ಬದಲು ಮಾಡಿಕೊಳ್ಳುತ್ತಾರೆ. ಸೂರ್ಯನನ್ನು ನಡುವೆ ಇಡುವವರಿಗೆ ಬೇರೆ ಜೋಡಣೆ, ಗಣಪತಿಯನ್ನು ಇಡುವವರಿಗೆ ಇನ್ನೊಂದು. ಬರೆದುಕೊಂಡು ನೋಡಿದರೆ ಒಂದು ತಮಾಷೆ ಕಂಡಿತು. ಈ ನಾಲ್ಕು ಜೋಡಣೆಯಲ್ಲೂ ದೇವಿ ವಾಯವ್ಯ ಬಿಟ್ಟು ಕದಲುವುದಿಲ್ಲ. ದೊಡ್ಡಮ್ಮನಿಗೆ ತೋರಿಸಿದೆ. "ಗಂಡಸರು ಎಷ್ಟು ಸಲ ಕುರ್ಚಿ ಬದಲಾಯಿಸಿದರೂ ಅವಳ ಮೂಲೆ ಅವಳಿಗೆ ತಪ್ಪಿದ್ದಲ್ಲ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಅವಳೇ ಮಧ್ಯ ಕೂತರೆ?" ಎಂದು ಕೇಳಿದರು. ಆ ಜೋಡಣೆಯೂ ಉಂಟು, ವಾಯವ್ಯಕ್ಕೆ ಆಗ ಸೂರ್ಯ ಹೋಗಬೇಕು ಎಂದೆ. ದೊಡ್ಡಮ್ಮನಿಗೆ ಸಮಾಧಾನವಾಯಿತು.

ಈ ಏರ್ಪಾಟನ್ನು ಶಂಕರಾಚಾರ್ಯರೇ ಮಾಡಿದ್ದು ಎಂದು ಸಂಪ್ರದಾಯ ಹೇಳುತ್ತದೆ. ಕುಮಾರಸ್ವಾಮಿಯನ್ನೂ ಸೇರಿಸಿ ಆರು ಮತಗಳನ್ನು ನೆಲೆಗೊಳಿಸಿದರು ಎಂದು ಅವರಿಗೆ ಷಣ್ಮತಸ್ಥಾಪನಾಚಾರ್ಯ ಎಂಬ ಬಿರುದೂ ಇದೆ. ಯಾರು ಮಾಡಿದ್ದಾದರೂ ಜಾಣರು ಮಾಡಿದ್ದು. ಯಾರನ್ನೂ ತಟ್ಟೆಯಿಂದ ಆಚೆ ಹಾಕಿಲ್ಲ, ನಿನ್ನ ದೇವರು ದೊಡ್ಡವನಲ್ಲ ಎಂದು ಯಾರಿಗೂ ಹೇಳಿಲ್ಲ. ನಿನ್ನವನನ್ನು ನಡುವೆ ಇಟ್ಟುಕೋ, ಉಳಿದ ನಾಲ್ವರಿಗೂ ನೀರು ಹಾಕು, ಅಷ್ಟೇ ಕರಾರು. ಅದ್ವೈತದ ಪ್ರಕಾರ ಈ ಐದೂ ಗುಣ ರೂಪ ಹೊತ್ತ ಸಗುಣ ಬ್ರಹ್ಮ. ಹಿಂದಿರುವುದು ಗುಣವಿಲ್ಲದ, ಹೆಸರಿಲ್ಲದ, ಎರಡಿಲ್ಲದ ಒಂದು.

ಇಲ್ಲಿ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ನಿವೃತ್ತರಿಗೆ ಬೆಳಗಿನ ಹೊತ್ತು ಇಂಥದು ಹೊಳೆಯುತ್ತದೆ. ಐದೂ ಆ ಒಂದರ ರೂಪವೇ ಆಗಿದ್ದರೆ, ನಿಜವಾಗಿ ನಡುವೆ ಇರಬೇಕಾದದ್ದು ಆ ಒಂದೇ ಅಲ್ಲವೆ? ಅದಕ್ಕೆ ರೂಪವಿಲ್ಲ. ಹಾಗಾದರೆ ನಡುವಿನ ಜಾಗ ಖಾಲಿ ಬಿಟ್ಟು, ಐವರನ್ನೂ ಸುತ್ತ ಕೂರಿಸಿದರೆ ಲೆಕ್ಕ ತಾಳೆಯಾಗುತ್ತದೆ. ಹಾಗೇ ಜೋಡಿಸಿ ದೊಡ್ಡಮ್ಮನಿಗೆ ತೋರಿಸಿದೆ.

"ಮಧ್ಯ ಯಾರೋ?"

"ನಿರ್ಗುಣ ಬ್ರಹ್ಮ, ದೊಡ್ಡಮ್ಮ."

"ಖಾಲಿ ಜಾಗಕ್ಕೆ ಹಾಲು ಹುಯ್ಯೋಕೆ ನಿನಗೇನು ಗ್ರಹಚಾರ? ಅದರ ನೆತ್ತಿ ಎಲ್ಲಿ, ಗಂಧ ಇಡೋದು ಎಲ್ಲಿಗೆ? ಸುಮ್ಮನೆ ಶಿವನ್ನ ಇಡು."

ಫೋನಿನಲ್ಲಿ ಪುರೋಹಿತರು ಹೇಳಿದ್ದೂ ಅದೇ: ಮಧ್ಯಕ್ಕೆ ಯಾರನ್ನಿಟ್ಟರೂ ಪೂಜೆ ಕೆಡುವುದಿಲ್ಲ ಸಾರ್, ಖಾಲಿ ಮಾತ್ರ ಬಿಡಬೇಡಿ. ಆಮೇಲೆ ಯೋಚಿಸಿದೆ. ನನಗೆ ಗೊತ್ತಿರುವ ಯಾರೂ ನಿರ್ಗುಣ ಬ್ರಹ್ಮಕ್ಕೆ ಮುಡಿಪು ಕಟ್ಟಿಲ್ಲ, ಮಗಳ ಮದುವೆಯಾದರೆ ನಿನ್ನ ಸನ್ನಿಧಿಗೆ ಬಂದು ತಲೆಗೂದಲು ಕೊಡುತ್ತೇನೆ ಎಂದಿಲ್ಲ. ಸನ್ನಿಧಿ ಎಲ್ಲಿದೆ? ಅದಕ್ಕೆ ಕೂದಲು ಯಾಕೆ? ಅದು ಹೆಂಡತಿಗೆ ಹೆದರುವುದಿಲ್ಲ, ಕಡುಬಿಗೆ ಸೋಲುವುದಿಲ್ಲ, ಬಾಡಿದ ಹೂವಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಳ್ಳದವರನ್ನು ಒಲಿಸಿಕೊಳ್ಳುವುದು ಹೇಗೆ? ಅದನ್ನು ತಿಳಿಯಬೇಕಂತೆ, ತಿಳಿದ ಮೇಲೆ ತಟ್ಟೆ ತೊಳೆಯುವ ಕೆಲಸ ಇರುವುದಿಲ್ಲವಂತೆ. ಅಲ್ಲಿಯವರೆಗೆ ಹುಣಸೆಹಣ್ಣು ತಪ್ಪಿದ್ದಲ್ಲ.

ಅದಿರಲಿ, ಹೂವಿನ ವಿಷಯಕ್ಕೆ ಬರೋಣ. ಎಲ್ಲರೂ ಒಂದೇ ಎಂಬ ಮಾತಿನ ನಿಜವಾದ ಪರೀಕ್ಷೆ ಇರುವುದು ಹೂವಿನ ಬುಟ್ಟಿಯಲ್ಲಿ. ಒಂದೇ ತಟ್ಟೆಯಲ್ಲಿ ಒಂದೇ ನೀರಲ್ಲಿ ಮಿಂದ ಐವರು, ಹೂವಿನ ಹೊತ್ತಿಗೆ ಐದು ದಿಕ್ಕಾಗುತ್ತಾರೆ. ವಿಷ್ಣುವಿಗೆ ತುಳಸಿ ಬೇಕೇ ಬೇಕು, ಅಕ್ಷತೆ ಕೂಡದು. ಗಣಪತಿಗೆ ಗರಿಕೆ ಬೇಕು, ತುಳಸಿ ಕೂಡದು. ಅದೇ ಗರಿಕೆ ದೇವಿಗೆ ಆಗದು. ಶಿವನಿಗೆ ಬಿಲ್ವವೆಂದರೆ ಪ್ರಾಣ, ಕೇದಗೆ ಕಂಡರೆ ಆಗದು. ಸೂರ್ಯನಿಗೆ ಆ ಬಿಲ್ವ ಬೇಡ. ಅಭಿಷೇಕ ಶಿವನಿಗೆ, ಅಲಂಕಾರ ವಿಷ್ಣುವಿಗೆ. ಸೂರ್ಯನಿಗೆ ಪಾಪ ಒಂದು ನಮಸ್ಕಾರ ಹಾಕಿದರೆ ಸಾಕು. ಪ್ರತಿಯೊಂದಕ್ಕೂ ಒಂದು ಕಥೆ. ತುಳಸಿ ಗಣಪತಿಯನ್ನು ಮದುವೆಯಾಗು ಎಂದು ಕೇಳಿದಳಂತೆ, ಅವನು ಒಲ್ಲೆನೆಂದನಂತೆ, ಇಬ್ಬರೂ ಶಾಪ ಕೊಟ್ಟುಕೊಂಡರಂತೆ. ಕೇದಗೆ ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿತ್ತಂತೆ: ಶಿವನ ಜ್ಯೋತಿಸ್ತಂಭದ ತುದಿಯನ್ನು ಅವನು ನೋಡಿದ್ದು ಹೌದು ಎಂದು.

ಮೊದಲ ವಾರ ನಾನು ಬುಟ್ಟಿಯಲ್ಲಿದ್ದದ್ದನ್ನೆಲ್ಲ ಎಲ್ಲರಿಗೂ ಸಮನಾಗಿ ಹಂಚಿದೆ. ದೊಡ್ಡಮ್ಮ ಕನ್ನಡಕ ಏರಿಸಿ ನೋಡಿ, ಗಣಪತಿಯ ಮೇಲಿಂದ ಒಂದು ತುಳಸಿದಳವನ್ನು ಎರಡು ಬೆರಳಲ್ಲಿ ಎತ್ತಿ ಸಾಲಿಗ್ರಾಮದ ಮೇಲಿಟ್ಟರು. ನಡುವೆ ಇದ್ದ ದೂರ ಎರಡು ಅಂಗುಲ. "ದೇವರೊಬ್ಬನೇ ಅಂತೀರಿ, ಅಲ್ಲಿದ್ದರೇನು ಇಲ್ಲಿದ್ದರೇನು?" ಎಂದೆ.

"ಒಬ್ಬನೇ ಕಣೋ. ನೀನೂ ಒಬ್ಬನೇ. ಆಫೀಸಿಗೆ ಹೋಗೋವಾಗ ಪಂಚೆ ಉಟ್ಕೊಂಡು ಹೋಗ್ತಿದ್ದೆಯಾ?"

ನಮ್ಮ ಬೀದಿಗೆ ಹೂವು ತರುವಾಕೆ ಈ ಭೇದಗಳನ್ನೆಲ್ಲ ಪುರೋಹಿತರಷ್ಟೇ ಬಲ್ಲಳು. ಬಿಲ್ವ ಒಂದು ಕಟ್ಟು, ಗರಿಕೆ ಒಂದು ಕಟ್ಟು, ತುಳಸಿ ಬೇರೆ ಎಲೆಯಲ್ಲಿ. ಕನಕಾಂಬರ ಅಳೆದು ಕೊಡುವಾಗ ಆಕೆ ಒಮ್ಮೆ ಕೇಳಿದಳು: "ನಿಮ್ಮನೆ ಅವ್ವ ಯಾರು ಸ್ವಾಮಿ, ಮಾರವ್ವನಾ?" ನಮ್ಮ ಮನೆಯಲ್ಲಿರುವುದು ಸ್ವರ್ಣಮುಖಿ ನದಿಯ ಕಲ್ಲು, ಅಂಬಿಕೆ ಎಂದು ವಿವರಿಸಿದೆ. "ಅದೇ ಆಯ್ತಲ್ಲ. ಅವ್ವ ಒಬ್ಬಳೇ. ನಮ್ಮೂರಲ್ಲಿ ಕೋಳಿ ತಿಂತಾಳೆ, ನಿಮ್ಮನೆಗೆ ಬಂದಾಗ ಪಾಯಸ ತಿಂತಾಳೆ" ಎಂದು ಒಂದು ಗೇಣು ಹೆಚ್ಚಿಗೆ ಹಾಕಿದಳು. ಎಷ್ಟೋ ವರ್ಷ ವೇದಾಂತದ ಉಪನ್ಯಾಸಗಳಿಗೆ ಹೋಗಿ ಕೊನೆಯ ಸಾಲಿನಲ್ಲಿ ತೂಕಡಿಸಿದವನು ನಾನು. ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ, ಅಥವಾ ಹೇಳುವಾಗ ನನಗೆ ಎಚ್ಚರವಿರಲಿಲ್ಲ.

ನನ್ನದೇ ಒಂದು ಸಿದ್ಧಾಂತವೂ ಇದೆ. ಅದು ಹಾಸನದ ಕಡೆಯ ಒಂದು ಹಳ್ಳಿಯ ಶಾಖೆಯಲ್ಲಿ ಹುಟ್ಟಿತು. ಅಲ್ಲಿ ಎರಡು ವರ್ಷ ನಾನೊಬ್ಬನೇ. ಮೂರು ಕುರ್ಚಿ, ಮೂರು ಬೋರ್ಡು: ನಗದು, ಸಾಲ, ವ್ಯವಸ್ಥಾಪಕರು. ಮೂರರ ಹಿಂದೆಯೂ ನಾನೇ. ಒಬ್ಬ ರೈತ ಬಂದ. ನಗದಿನ ಕಿಟಕಿಯಲ್ಲಿ ಕೂತಿದ್ದ ನನಗೆ ಸಾಲದ ಅರ್ಜಿ ಕೊಡು ಎಂದರೆ ಕೊಡಲೊಲ್ಲ. ಸಾಲದ ಕುರ್ಚಿಗೆ ಎದ್ದು ಹೋದೆ, ಕೊಟ್ಟ. ಆದರೆ "ಸಾಹೇಬರ ಹತ್ತಿರ ಒಂದು ಮಾತು ಹೇಳಬೇಕು" ಅಂದ. ಒಳಕೋಣೆಗೆ ಹೋಗಿ ಕೂತೆ. ಆತ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದು, ಹೊರಗೆ ಸಾಲದ ಕುರ್ಚಿಯಲ್ಲಿ ಕೂರುವವರು ತುಂಬ ಸತಾಯಿಸುತ್ತಾರೆ ಎಂದು ನನ್ನ ಮೇಲೆ ನನಗೇ ದೂರು ಹೇಳಿದ. ಅವನಿಗೆ ನಾನೊಬ್ಬನೇ ಎಂದು ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೂ ಯಾವ ಕೆಲಸಕ್ಕೆ ಯಾವ ಕುರ್ಚಿ ಎಂಬ ಮರ್ಯಾದೆಯನ್ನು ಆತ ಬಿಡಲಿಲ್ಲ, ಅವನ ಕೆಲಸವೂ ಕೆಡಲಿಲ್ಲ. ನಮ್ಮ ಸಂಕಲ್ಪವೂ ಹಾಗೇ ಇದೆ ನೋಡಿ. ಗಣಪತಿಯ ಪೂಜೆಗೆ ಕೂತು ನೀರು ಹಿಡಿದು ನಾವು ಹೇಳುವುದು ಪರಮೇಶ್ವರನ ಪ್ರೀತಿಗಾಗಿ ಎಂದು. ಅರ್ಜಿ ಒಂದು ಕಿಟಕಿಗೆ, ವಿಳಾಸ ಒಳಕೋಣೆಯದು.

ಈ ಸಿದ್ಧಾಂತವನ್ನು ಬೆಳಗಿನ ವಾಕಿಂಗಿನಲ್ಲಿ ಉಡುಪಿಯ ಕಡೆಯ ಆಚಾರ್ಯರ ಮುಂದೆ ಹೆಮ್ಮೆಯಿಂದ ಬಿಡಿಸಿಟ್ಟೆ. ಅವರು ಮಧ್ವಮತದವರು. ಹತ್ತು ಹೆಜ್ಜೆ ಮಾತಾಡಲಿಲ್ಲ.

"ನಿಮ್ಮದು ಸಿಬ್ಬಂದಿ ಇಲ್ಲದ ಬ್ರಾಂಚು ಮಾರಾಯ್ರೆ. ನಮ್ಮದರಲ್ಲಿ ಸಿಬ್ಬಂದಿ ಪೂರ್ತಿ ಉಂಟು."

ಅವರ ಲೆಕ್ಕ ಹೀಗೆ. ಹರಿ ಸರ್ವೋತ್ತಮ, ವ್ಯವಸ್ಥಾಪಕ ಅವನೊಬ್ಬನೇ. ಜೀವರಲ್ಲಿ ಉತ್ತಮ ವಾಯು. ರುದ್ರ, ಇಂದ್ರ, ಗಣಪತಿ ಎಲ್ಲರೂ ನಿಜವಾಗಿಯೇ ಬೇರೆ ಬೇರೆ, ಒಬ್ಬರಿಗಿಂತ ಒಬ್ಬರು ಮೇಲೆ ಕೆಳಗೆ ಮೆಟ್ಟಿಲಿನ ಹಾಗೆ ಇದ್ದಾರೆ. ಅದಕ್ಕೆ ತಾರತಮ್ಯ ಎಂದು ಹೆಸರು. ಅವರಿಗೂ ಪೂಜೆ ಉಂಟು, ಆದರೆ ಅವರವರ ಮೆಟ್ಟಿಲಿಗೆ ತಕ್ಕ ಹಾಗೆ, ಅವರೊಳಗಿರುವ ಹರಿಗೆ ಸಲ್ಲಲಿ ಎಂದು. ಗುಮಾಸ್ತನಿಗೆ ನಮಸ್ಕಾರ ಹೇಳಬಹುದು, ಗುಮಾಸ್ತನೇ ವ್ಯವಸ್ಥಾಪಕ ಅಂದರೆ ಇಬ್ಬರಿಗೂ ಅವಮಾನ.

"ಇನ್ನೊಂದು ಕೇಳ್ತೇನೆ" ಎಂದರು ಆಚಾರ್ಯರು. "ನಿಮ್ಮ ಶಂಕರರ ಪ್ರಕಾರ ಕುರ್ಚಿಯಲ್ಲಿ ಕೂತವ ಮಾತ್ರ ಅಲ್ಲ, ಸಾಲ ಕೇಳಲಿಕ್ಕೆ ಬಂದ ರೈತನೂ ಕಡೆಗೆ ಅವನೇ ಅಲ್ಲವಾ?"

"ಹೌದು, ಪರಮಾರ್ಥದಲ್ಲಿ."

"ಹಾಗಾದರೆ ಸಾಲ ಯಾರು ಯಾರಿಗೆ ಕೊಟ್ಟದ್ದು? ವಸೂಲಿಗೆ ಯಾರ ಮನೆಗೆ ಹೋದಿರಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಸಾಲ ಕಡೆಗೂ ವಸೂಲಾಗಲಿಲ್ಲ ಎಂಬುದನ್ನೂ ಹೇಳಲಿಲ್ಲ.

ಬೇಲೂರಿನ ಶಾಸನದ ಮಾತೆತ್ತಿದೆ. ಅಲ್ಲಿ ಒಂದು ಪ್ರಸಿದ್ಧ ಶ್ಲೋಕ ಇದೆ. ಶೈವರು ಶಿವನೆಂದು, ವೇದಾಂತಿಗಳು ಬ್ರಹ್ಮವೆಂದು, ಬೌದ್ಧರು ಬುದ್ಧನೆಂದು, ಜೈನರು ಅರ್ಹಂತನೆಂದು ಯಾರನ್ನು ಪೂಜಿಸುತ್ತಾರೋ ಅವನೇ ನಮ್ಮ ಕೇಶವ, ನಮಗೆ ಒಳ್ಳೆಯದು ಮಾಡಲಿ ಎಂದು ಅದರ ತಾತ್ಪರ್ಯ. ನೋಡಿ, ಎಲ್ಲರೂ ಒಂದೇ ಎಂದು ಕಲ್ಲಿನಲ್ಲೇ ಕೆತ್ತಿದ್ದಾರಲ್ಲ ಎಂದೆ. ಆಚಾರ್ಯರು ನಕ್ಕರು. "ಎಲ್ಲರೂ ಒಂದೇ, ಸರಿ. ಕೊನೆಗೆ ಯಾರು ಉಳಿದದ್ದು? ಕೇಶವನೇ ಅಲ್ಲವಾ?"

ಮನೆಗೆ ಬಂದು ತಟ್ಟೆ ನೋಡಿದಾಗ ಅವರ ಮಾತಿನ ಇಕ್ಕಟ್ಟು ಅರ್ಥವಾಯಿತು. ಎಲ್ಲರೂ ಒಂದೇ ಎನ್ನುವವನು ಎಲ್ಲೋ ಒಂದು ಕಡೆ ನಿಂತೇ ಹೇಳಬೇಕು. ಅವನು ನಿಂತ ಕಡೆಯ ದೇವರು ನಡುವೆ ಬರುತ್ತಾನೆ. ಬೇಲೂರಿನಲ್ಲಿ ನಿಂತರೆ ಕೇಶವ, ನಮ್ಮ ದೊಡ್ಡಪ್ಪ ಕೂತರೆ ಶಿವ, ಹೂವಿನವಳಿಗೆ ಅವ್ವ. ನಡುವೆ ನಿಲ್ಲಿಸಲು ಇಬ್ಬರಿಗೂ ಮನಸ್ಸು ಬಾರದ ಒಂದು ಊರೂ ಇದೆ, ದಾವಣಗೆರೆ ಹತ್ತಿರದ ಹರಿಹರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಲ್ಲಿ ಒಂದೇ ವಿಗ್ರಹ; ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಗುಹಾಸುರನೆಂಬವನು ಹರಿಯಿಂದಲೂ ಸಾಯಬಾರದು, ಹರನಿಂದಲೂ ಸಾಯಬಾರದು ಎಂದು ವರ ಪಡೆದಿದ್ದನಂತೆ. ಇಬ್ಬರೂ ಸೇರಿ ಬಂದರೆ ಎಂಬ ಕಲಮು ಸೇರಿಸಲು ಮರೆತ. ಕಾಗದಪತ್ರ ಸರಿಯಾಗಿ ಓದದೆ ರುಜು ಹಾಕಿದ ಗಿರಾಕಿಗಳನ್ನು ಕಂಡವನಾದ್ದರಿಂದ ನನಗೆ ಆ ಅಸುರನ ಮೇಲೆ ಸ್ವಲ್ಪ ಮರುಕವಿದೆ.

ಈ ತಟ್ಟೆಯ ರಾಜಿಯೇ ಬೇಡ ಎಂದವರೂ ನಮ್ಮ ನಾಡಿನಲ್ಲೇ ಇದ್ದರು. ಮೊರವೂ ದೇವರು, ಮಡಕೆಯೂ ದೇವರು, ಬಾಚಣಿಗೆಯೂ ದೇವರು ಎಂದು ಹೊರಟರೆ ನೆಲದ ಮೇಲೆ ಕಾಲಿಡಲು ಜಾಗ ಉಳಿಯುವುದಿಲ್ಲ ಎಂದು ಹನ್ನೆರಡನೆಯ ಶತಮಾನದಲ್ಲೇ ಬಸವಣ್ಣನವರು ಗೇಲಿ ಮಾಡಿದ್ದರು. ಅವರ ದಾರಿಯಲ್ಲಿ ಅಂಗೈ ಮೇಲೆ ಒಂದು ಇಷ್ಟಲಿಂಗ, ಅಷ್ಟೇ. ತಟ್ಟೆ ತೊಳೆಯುವಾಗ ನನಗೆ ಆ ದಾರಿಯ ಅನುಕೂಲ ಬಹಳ ಸಲ ಕಂಡಿದೆ. ಒಂದೇ ಇದ್ದರೆ ಅದಲು ಬದಲಾಗುವ ಪ್ರಶ್ನೆಯೇ ಇಲ್ಲ. ಹಾಗಾಗಿ ಹಿಂದೂಗಳೆಲ್ಲ ಹೀಗೆ ನಂಬುತ್ತಾರೆ ಎಂದು ಯಾರಾದರೂ ಶುರುಮಾಡಿದರೆ ನಾನು ನಮ್ಮ ಬೀದಿಯನ್ನು ನೆನೆಸಿಕೊಳ್ಳುತ್ತೇನೆ. ಒಂದು ಬೀದಿಯಲ್ಲೇ ಮೂರು ಲೆಕ್ಕವಿದೆ.

ಲೆಕ್ಕವೆಂದರೆ ನೆನಪಾಗುವುದು ಯಾಜ್ಞವಲ್ಕ್ಯ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯವನ್ನು ನಾನು ಲೆಕ್ಕ ಪರಿಶೋಧನೆಯ ಕಥೆಯೆಂದೇ ಓದಿದ್ದೇನೆ. ಜನಕರಾಜ ಸಾವಿರ ಹಸು ಕಟ್ಟಿಸಿ, ಕೊಂಬುಗಳಿಗೆ ಚಿನ್ನ ಬಿಗಿಸಿ, ನಿಮ್ಮಲ್ಲಿ ಹೆಚ್ಚು ಬಲ್ಲವರು ಹೊಡೆದುಕೊಂಡು ಹೋಗಿ ಎಂದ. ವಾದವೇ ಶುರುವಾಗಿಲ್ಲ, ಯಾಜ್ಞವಲ್ಕ್ಯ ಶಿಷ್ಯನಿಗೆ ಹಸುಗಳನ್ನು ಹೊಡೆದುಕೊಂಡು ನಡಿ ಎಂದ. ಉಳಿದ ಪಂಡಿತರಿಗೆ ಮೈಯೆಲ್ಲ ಉರಿ. ಒಬ್ಬೊಬ್ಬರಾಗಿ ಪ್ರಶ್ನೆಗೆ ಎದ್ದರು. ಕೊನೆಗೆ ಬಂದವನು ವಿದಗ್ಧ ಶಾಕಲ್ಯ.

ದೇವರು ಎಷ್ಟು ಎಂದು ಕೇಳಿದ. ಯಾಜ್ಞವಲ್ಕ್ಯ ಮಂತ್ರವೊಂದರ ಆಧಾರ ಕೊಟ್ಟು, ಮುನ್ನೂರ ಮೂರು ಮತ್ತು ಮೂರು ಸಾವಿರದ ಮೂರು ಎಂದ. ಕೂಡಿದರೆ 3306. ಶಾಕಲ್ಯ ಸರಿ ಎಂದ. ಸರಿ ಎಂದವನು ಸುಮ್ಮನಾಗಬೇಕಲ್ಲ? ಮತ್ತೆ ಕೇಳಿದ, ನಿಜವಾಗಿ ಎಷ್ಟು? 33. ಸರಿ, ನಿಜವಾಗಿ ಎಷ್ಟು? ಆರು. ಸರಿ, ಎಷ್ಟು? ಮೂರು. ಎಷ್ಟು? ಎರಡು. ಎಷ್ಟು? ಒಂದೂವರೆ. ಎಷ್ಟು? ಒಂದು.

ನನಗೆ ಇಡೀ ಉಪನಿಷತ್ತಿನಲ್ಲಿ ಪ್ರೀತಿಯ ಅಂಕಿ ಆ ಒಂದೂವರೆ. ಎರಡರಿಂದ ಒಂದಕ್ಕೆ ನೇರ ಇಳಿಯಬಹುದಿತ್ತು. ನಡುವೆ ಒಂದು ಅರ್ಧ ಮೆಟ್ಟಿಲು ಯಾಕೆ? ಶಾಕಲ್ಯನೂ ಬಿಡದೆ ಒಂದೊಂದನ್ನೂ ವಿವರಿಸು ಎಂದ. 33 ಎಂದರೆ ಎಂಟು ವಸುಗಳು, ಹನ್ನೊಂದು ರುದ್ರರು, ಹನ್ನೆರಡು ಆದಿತ್ಯರು, ಇಂದ್ರ, ಪ್ರಜಾಪತಿ. ಆದಿತ್ಯರೆಂದರೆ ವರ್ಷದ ಹನ್ನೆರಡು ತಿಂಗಳು. ರುದ್ರರೆಂದರೆ ದೇಹದ ಹತ್ತು ಪ್ರಾಣಗಳು ಮತ್ತು ಆತ್ಮ. ಬಿಟ್ಟು ಹೊರಟಾಗ ಮನೆಯವರನ್ನು ಅಳಿಸುತ್ತವೆ, ಆದ್ದರಿಂದ ರುದ್ರರು. ಆಗ ಉಳಿದ ಸಾವಿರಾರು? ಅವೆಲ್ಲ ಇವರದೇ ಮಹಿಮೆಗಳು. ಎರಡು ಎಂದರೆ ಅನ್ನ ಮತ್ತು ಪ್ರಾಣ. ಒಂದೂವರೆ ಎಂದರೆ ಬೀಸುವ ಗಾಳಿ. ಗಾಳಿ ಒಂದೇ ಅಲ್ಲವೆ, ಒಂದೂವರೆ ಹೇಗೆ ಎಂದರೆ, ಅದರಲ್ಲಿ ಇದೆಲ್ಲವೂ ಬೆಳೆಯುತ್ತದೆ, ಅದಕ್ಕೆ ಎಂದು ಉತ್ತರ. ಸಂಸ್ಕೃತದಲ್ಲಿ ಒಂದೂವರೆ ಎನ್ನುವ ಮಾತೂ ಬೆಳೆಯುವುದು ಎನ್ನುವ ಮಾತೂ ಕಿವಿಗೆ ಹತ್ತಿರ ಹತ್ತಿರ. ಋಷಿ ಶ್ಲೇಷೆ ಮಾಡಿದ್ದಾನೆ. ಸಾವಿರ ಹಸು ಪಣಕ್ಕಿರುವಾಗ ಶ್ಲೇಷೆ ಮಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ. ಒಂದು ಎಂದರೆ ಪ್ರಾಣ, ಅದನ್ನೇ ಬ್ರಹ್ಮ ಎನ್ನುವುದು.

ನಾನು ಗಮನಿಸಿದ್ದು ಆ ಪ್ರತಿಯೊಂದು 'ಸರಿ'ಯನ್ನು. 3306ಕ್ಕೂ ಸರಿ, 33ಕ್ಕೂ ಸರಿ, ಒಂದಕ್ಕೂ ಸರಿ. ಯಾವ ಅಂಕಿಯನ್ನೂ ತಪ್ಪೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿಲ್ಲ. ನೂರರ ಒಂದು ನೋಟು, ಐವತ್ತರ ಎರಡು, ಹತ್ತರ ಹತ್ತು, ಒಂದು ರೂಪಾಯಿಯ ನೂರು ನಾಣ್ಯ: ಎಲ್ಲವೂ ಸರಿ. ಹಾಲಿನವನಿಗೆ ಚಿಲ್ಲರೆ ಬೇಕು, ಅಷ್ಟೇ. ಮುಂದೆ ಯಾವಾಗಲೋ ಆ 33ರ ಮುಂದೆ ಏಳು ಸೊನ್ನೆ ಬಂದು 33 ಕೋಟಿ ದೇವತೆಗಳಾದರು. ಕೋಟಿ ಎಂದರೆ ಬಗೆ, ಮೂವತ್ಮೂರು ಬಗೆ ಎಂದು ಈಚೆಗೆ ಕೆಲವರು ಅರ್ಥ ಹೇಳುತ್ತಾರೆ. ಇಂಗ್ಲಿಷಿನವರ ಮುಂದೆ ಮಾನ ಉಳಿಸಿಕೊಳ್ಳಲು ಹುಡುಕಿದ ಅರ್ಥವಿರಬಹುದೆಂದು ನನ್ನ ಗುಮಾನಿ. ನಮ್ಮ ದೊಡ್ಡಮ್ಮನಿಗೆ ಮೂವತ್ಮೂರು ಕೋಟಿ ಎಂದರೆ ಬಹಳ ಎಂದಷ್ಟೇ ಅರ್ಥ, ಆಕೆ ಯಾವತ್ತೂ ಪಟ್ಟಿ ಕೇಳಿಲ್ಲ.

ಶಾಕಲ್ಯನ ಗತಿ ಏನಾಯಿತು ಎಂದರೆ, ಪ್ರಶ್ನೆ ನಿಲ್ಲಿಸಲಿಲ್ಲ. ಕಡೆಗೆ ಯಾಜ್ಞವಲ್ಕ್ಯನೇ ಒಂದು ಪ್ರಶ್ನೆ ತಿರುಗಿ ಕೇಳಿದ. ಅದಕ್ಕೆ ಉತ್ತರ ಗೊತ್ತಿಲ್ಲದೆ ಶಾಕಲ್ಯನ ತಲೆ ಬಿದ್ದುಹೋಯಿತು. ಅವನ ಮೂಳೆಗಳನ್ನು ಕಳ್ಳರು ಇನ್ನೇನೋ ಎಂದುಕೊಂಡು ಕದ್ದೊಯ್ದರು ಎಂದೂ ಉಪನಿಷತ್ತೇ ಹೇಳುತ್ತದೆ. ನಾನು ಈ ಪ್ರಬಂಧವನ್ನು ಬೇಗ ಮುಗಿಸಲು ಅದೂ ಒಂದು ಕಾರಣ.

ಕಳೆದ ಭಾದ್ರಪದದಲ್ಲಿ ಪುರೋಹಿತರು ಮನೆಗೆ ಬಂದಿದ್ದರು. ಹಬ್ಬದ ದೊಡ್ಡ ಗಣಪತಿಯ ಪೂಜೆಗೆ ಮೊದಲು ವಿಘ್ನ ಬರದಿರಲೆಂದು ಒಂದು ಚಿಕ್ಕ ಗಣಪತಿಯ ಪೂಜೆ. ಗಣಪತಿಯ ಪೂಜೆಗೆ ವಿಘ್ನವಾಗದಿರಲು ಗಣಪತಿಯ ಪೂಜೆ; ಇದನ್ನು ಯಾರಿಗಾದರೂ ಬಿಡಿಸಿ ಹೇಳಲು ಹೋಗಬೇಡಿ. ದೊಡ್ಡಮ್ಮ ಅರಿಶಿನಕ್ಕೆ ನಾಲ್ಕು ತೊಟ್ಟು ನೀರು ಬಿಟ್ಟು, ಮೂರು ಬೆರಳಲ್ಲಿ ಹಿಸುಕಿ, ನಿಂಬೆಕಾಯಿಯ ಅರ್ಧದಷ್ಟು ಗೋಪುರ ಮಾಡಿ ವೀಳ್ಯದೆಲೆಯ ಮೇಲಿಟ್ಟರು. ಪುರೋಹಿತರು ಆವಾಹನೆ ಹೇಳಿದರು. ಅರಿಶಿನದ ಉಂಡೆಯೊಳಗೆ ಗಣಪತಿ ಬಂದ. ಗಡಿಯಾರ ನೋಡಿದೆ, ಅಭ್ಯಾಸ: 9.20. ಕಾಲಿಗೆ ನೀರು, ಕೈಗೆ ನೀರು, ಎರಡು ಗರಿಕೆ, ಬೆಲ್ಲದ ಚೂರು, ಆರತಿ. ಆಮೇಲೆ ಅಕ್ಷತೆ ಹಾಕಿ, ನಿನ್ನ ಸ್ಥಾನಕ್ಕೆ ದಯಮಾಡಿಸು ಎಂದು ಎಲೆಯನ್ನು ಒಂದು ಅಂಗುಲ ಉತ್ತರಕ್ಕೆ ಸರಿಸಿದರು. 9.35ಕ್ಕೆ ಅವನು ಹೊರಟ. ಉಳಿದದ್ದು ಅರಿಶಿನ.

"ಅವನ ಸ್ಥಾನ ಎಲ್ಲಿ ದೊಡ್ಡಮ್ಮ?" ಎಂದು ಮೆಲ್ಲಗೆ ಕೇಳಿದೆ.

"ಎಲ್ಲಿಂದ ಬಂದನೋ ಅಲ್ಲಿ" ಎಂದು ಉಂಡೆಯನ್ನು ಎಡಗೈಯಲ್ಲಿ ಪುಡಿಮಾಡಿ, ಒಂದಿಷ್ಟನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ಮಿಕ್ಕದ್ದನ್ನು ನೀರಲ್ಲಿ ಕಲಸಿ, ಮಂಡಿನೋವಿದ್ದರೂ ಬಾಗಿಲ ಹತ್ತಿರ ಕೂತು ಹೊಸಿಲಿಗೆ ಬಳಿದರು.

ಮಾರನೆಯ ಬೆಳಿಗ್ಗೆ ಹೂವಿನಾಕೆ ಬಂದಳು. ಬುಟ್ಟಿ ಇಳಿಸಿ, ಬಗ್ಗಿ, ಹೊಸಿಲ ಮೇಲಿನ ಹಳದಿಯನ್ನು ಎರಡು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಣಪತಿ ನಿನ್ನೆ 9.35ಕ್ಕೇ ಹೋದ ಎಂದು ಹೇಳೋಣವೆಂದು ಬಾಯಿಗೆ ಬಂದಿತ್ತು. ಗರಿಕೆಯ ಕಟ್ಟು ಎಣಿಸಿಕೊಂಡು, ಚಿಲ್ಲರೆ ಕೊಟ್ಟು, ಹೊಸಿಲು ತುಳಿಯದ ಹಾಗೆ ದಾಟಿ ಒಳಗೆ ಬಂದೆ.